ಕೋಣೆವಾರು ಪಾಯಿಂಟ್‌ಗಳಿಂದ ಮನೆಯ ವೈರಿಂಗ್ ಸಾಮಗ್ರಿಯ ಲೆಕ್ಕ: ಪೈಪ್, ತಂತಿ ಮತ್ತು ಸ್ವಿಚ್ ಬಾಕ್ಸ್

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ವಸತಿ ಯೋಜನೆಯ ಮನೆಗಳಲ್ಲಿ ವೈರಿಂಗ್ ಸಾಮಗ್ರಿಯನ್ನು ಫಲಾನುಭವಿಯು ಸಾಮಾನ್ಯವಾಗಿ ಎರಡು ಹಂತಗಳಲ್ಲಿ ಖರೀದಿಸುತ್ತಾನೆ. ಛಾವಣಿಯ ಕಾಂಕ್ರೀಟ್ ಹಾಕುವ ಮೊದಲು ಪೈಪ್‌ಗಳು ಬೇಕಾಗುತ್ತವೆ. ಗಾರೆ ಕೆಲಸ ಮುಗಿದ ನಂತರ ತಂತಿ ಮತ್ತು ಸ್ವಿಚ್‌ಗಳು ಬೇಕಾಗುತ್ತವೆ. ಮೊದಲ ಹಂತದಲ್ಲಿ ಮರೆತ ಪೈಪನ್ನು ಮುಂದೆ ಗೋಡೆ ಕೊರೆದು ಹಾಕಬೇಕಾಗುತ್ತದೆ. ಎರಡನೆಯ ಹಂತದಲ್ಲಿ ತಂತಿಯ ಲೆಕ್ಕ ತಪ್ಪಿದರೆ ಕೆಲಸಗಾರನು ಕೈಗೆ ಸಿಕ್ಕ ಬಣ್ಣದ ತಂತಿಯಿಂದ ಕೆಲಸ ಮುಗಿಸುತ್ತಾನೆ. ಈ ಎರಡೂ ತಪ್ಪುಗಳನ್ನು ಕಾಗದದ ಮೇಲೆಯೇ ತಡೆಯುವ ಕ್ರಮವನ್ನು ಒಂದು ಮನೆಯ ಉದಾಹರಣೆಯೊಂದಿಗೆ ಇಲ್ಲಿ ವಿವರಿಸಲಾಗಿದೆ.

1. ಮೊದಲು ಪಾಯಿಂಟ್‌ಗಳ ಪಟ್ಟಿ

ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಅಡುಗೆಯ ಸ್ಥಳವೂ ಸೇರಿ ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಅದಕ್ಕೆ ಸಮೀಪದ, ಸುಮಾರು 27 ಚದರ ಮೀಟರಿನ ಮನೆಯೊಂದನ್ನು ತೆಗೆದುಕೊಳ್ಳಬಹುದು. ಅದರಲ್ಲಿ ನಡುಮನೆ, ಮಲಗುವ ಕೋಣೆ, ಅಡುಗೆಮನೆ, ಬಚ್ಚಲುಮನೆ ಹಾಗೂ ಮುಂದೆ ಜಗುಲಿ ಇವೆ. ಛಾವಣಿಯ ಎತ್ತರ 3 ಮೀಟರ್. ಸ್ವಿಚ್ ಬೋರ್ಡುಗಳು ನೆಲದಿಂದ 1.2 ಮೀಟರ್ ಎತ್ತರದಲ್ಲಿವೆ.

ದೀಪ 6, ಫ್ಯಾನ್ 2, 6 ಆಂಪಿಯರ್ ಸಾಕೆಟ್ 3, ಹೀಗೆ ಸಾಮಾನ್ಯ ಪಾಯಿಂಟ್‌ಗಳು 11. ಅಡುಗೆಮನೆಯ 16 ಆಂಪಿಯರ್ ಪವರ್ ಸಾಕೆಟ್ ಒಂದು. ಒಂದು ಸಾಮಾನ್ಯ ಸರ್ಕ್ಯೂಟ್‌ಗೆ 10ಕ್ಕಿಂತ ಹೆಚ್ಚು ಪಾಯಿಂಟ್‌ಗಳನ್ನು ಸೇರಿಸುವಂತಿಲ್ಲವಾದ್ದರಿಂದ ಈ 11 ಪಾಯಿಂಟ್‌ಗಳನ್ನು ಎರಡಾಗಿ ವಿಂಗಡಿಸಬೇಕು. ನಡುಮನೆ ಮತ್ತು ಜಗುಲಿಯ 5 ಪಾಯಿಂಟ್‌ಗಳು ಒಂದು ಸರ್ಕ್ಯೂಟ್. ಉಳಿದ 6 ಇನ್ನೊಂದು. ಪವರ್ ಸಾಕೆಟ್‌ಗೆ ನಡುಮನೆಯ ವಿತರಣಾ ಪೆಟ್ಟಿಗೆಯಿಂದ (ಡಿಬಿ) ಪ್ರತ್ಯೇಕ ಪೈಪ್ ಮತ್ತು ದಪ್ಪ ತಂತಿ ಬೇಕು.

2. ಸ್ವಿಚ್ ಬಾಕ್ಸ್: ಪಾಯಿಂಟ್ ಅಲ್ಲ, ಮಾಡ್ಯೂಲ್ ಎಣಿಸಬೇಕು

ಬಾಕ್ಸ್‌ಗಳನ್ನು ಮಾಡ್ಯೂಲ್ ಎಂಬ ಅಳತೆಯಲ್ಲಿ ಮಾರಲಾಗುತ್ತದೆ. ಸ್ವಿಚ್ ಒಂದು ಮಾಡ್ಯೂಲ್ ಜಾಗ ತೆಗೆದುಕೊಳ್ಳುತ್ತದೆ. ಸಾಕೆಟ್‌ಗೆ ಎರಡು ಬೇಕು. ಫ್ಯಾನ್ ರೆಗ್ಯುಲೇಟರ್‌ಗೂ ಎರಡು ಹಿಡಿಯುವುದು ಕ್ಷೇಮ. ನಡುಮನೆಯ ಬೋರ್ಡಿನಲ್ಲಿ ದೀಪಕ್ಕೆ 2, ಫ್ಯಾನಿಗೆ 1, ಜಗುಲಿಯ ದೀಪಕ್ಕೆ 1, ಸಾಕೆಟ್‌ಗೆ 1, ಹೀಗೆ 5 ಸ್ವಿಚ್. ರೆಗ್ಯುಲೇಟರ್‌ಗೆ 2, ಸಾಕೆಟ್‌ಗೆ 2. ಒಟ್ಟು 9 ಮಾಡ್ಯೂಲ್. ಬಾಕ್ಸ್‌ಗಳು 8ರ ನಂತರ ಸಾಮಾನ್ಯವಾಗಿ 12ರ ಅಳತೆಯಲ್ಲಿ ದೊರೆಯುವುದರಿಂದ 12ರ ಬಾಕ್ಸ್ ತರಬೇಕು. 8ರ ಬಾಕ್ಸ್ ಗೋಡೆಯಲ್ಲಿ ಕೂತುಬಿಟ್ಟರೆ ಸಾಕೆಟ್‌ನ ಸ್ವಿಚ್ಚನ್ನೇ ಕೈಬಿಡುವ ಪ್ರಸಂಗ ಬರುತ್ತದೆ.

3. ಪೈಪ್: ಹಾದಿಯನ್ನು ಅಳೆಯಬೇಕು

ಪೈಪಿನ ಉದ್ದವೆಂದರೆ ಛಾವಣಿಯಲ್ಲಿ ಅಡ್ಡ ಸಾಗುವ ದೂರ ಮತ್ತು ಗೋಡೆಯಲ್ಲಿ ಇಳಿಯುವ ಅಥವಾ ಏರುವ ದೂರಗಳ ಮೊತ್ತ. ಬೋರ್ಡಿನಿಂದ ಛಾವಣಿಯವರೆಗಿನ ಪ್ರತಿ ಏರಿಕೆಯೂ 1.8 ಮೀಟರ್ ಆಗುತ್ತದೆ. ಪಟ್ಟಿಯಲ್ಲಿ ಹೆಚ್ಚಾಗಿ ಮರೆಯುವುದು ಇದನ್ನೇ. ನಡುಮನೆಯಲ್ಲಿ ಡಿಬಿಯಿಂದ ಬೋರ್ಡಿಗೆ 1 ಮೀಟರ್; ಬೋರ್ಡಿನಿಂದ ಏರಿಕೆ 1.8, ಫ್ಯಾನಿನವರೆಗೆ 2. ಫ್ಯಾನಿನಿಂದ ಎರಡು ಗೋಡೆ ದೀಪಗಳಿಗೆ ತಲಾ 2.6; ಬೋರ್ಡಿನಿಂದ ಜಗುಲಿಯ ದೀಪಕ್ಕೆ 3. ಒಟ್ಟು 13 ಮೀಟರ್. ಇದೇ ಕ್ರಮದಲ್ಲಿ ಅಳೆದ ಮನೆಯ ಪಟ್ಟಿ ಹೀಗಿದೆ:

| ಜಾಗ | ಮಾಡ್ಯೂಲ್ | ಬಾಕ್ಸ್ ಅಳತೆ | ಪೈಪ್ (ಮೀಟರ್) |
|---|---|---|---|
| ನಡುಮನೆ, ಜಗುಲಿ | 9 | 12 | 13 |
| ಮಲಗುವ ಕೋಣೆ | 7 | 8 | 13 |
| ಅಡುಗೆಮನೆ | 4 | 4 | 10.5 |
| ಅಡುಗೆಮನೆ ಪವರ್ ಸಾಕೆಟ್ | 3 | 3 | 8 |
| ಬಚ್ಚಲುಮನೆ | 1 | 2 | 3.5 |
| ಮೀಟರಿನಿಂದ ಡಿಬಿ | – | – | 4 |
| ಒಟ್ಟು | | 5 ಬಾಕ್ಸ್ | 52 |

ತುಂಡು ಮತ್ತು ಬಾಗುಗಳಿಗೆ ಶೇ. 10 ಸೇರಿಸಿದರೆ 57.2 ಮೀಟರ್. ಪೈಪ್ 3 ಮೀಟರಿನ ಉದ್ದದಲ್ಲಿ ದೊರೆಯುವುದರಿಂದ 20 ಪೈಪ್ ಬೇಕು. ಇವುಗಳೊಂದಿಗೆ ದೀಪ ಮತ್ತು ಫ್ಯಾನಿನ ಪ್ರತಿ ಸ್ಥಳಕ್ಕೂ ಒಂದರಂತೆ 8 ದುಂಡು ಬಾಕ್ಸ್ ಬೇಕು. ಅವುಗಳಲ್ಲಿ ಎರಡು ಕೊಕ್ಕೆಯುಳ್ಳ ಫ್ಯಾನ್ ಬಾಕ್ಸ್ ಆಗಿರಬೇಕು.

4. ತಂತಿ: ಪೈಪಿನ ಉದ್ದ ತಂತಿಯ ಉದ್ದವಲ್ಲ

ಒಂದೇ ಪೈಪಿನಲ್ಲಿ ಹಲವು ತಂತಿಗಳು ಸಾಗುತ್ತವೆ. ನಡುಮನೆಯ ಬೋರ್ಡಿನಿಂದ ಫ್ಯಾನಿನವರೆಗಿನ 3.8 ಮೀಟರ್ ಪೈಪಿನಲ್ಲಿ ಫ್ಯಾನಿಗೆ ಒಂದು ಮತ್ತು ದೀಪಗಳಿಗೆ ಎರಡು, ಹೀಗೆ ಮೂರು ಫೇಸ್ ತಂತಿಗಳು ಹೋಗುತ್ತವೆ. ನ್ಯೂಟ್ರಲ್ ಮತ್ತು ಅರ್ಥ್ ತಂತಿ ತಲಾ ಒಂದು ಸಾಕು. ಆದುದರಿಂದ ಪ್ರತಿ ಬಣ್ಣವನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು: ಫೇಸ್‌ಗೆ ಕೆಂಪು, ನ್ಯೂಟ್ರಲ್‌ಗೆ ಕಪ್ಪು, ಅರ್ಥ್‌ಗೆ ಹಸಿರು.

ಎರಡೂ ಸಾಮಾನ್ಯ ಸರ್ಕ್ಯೂಟ್‌ಗಳಿಗೆ 1.5 ಚದರ ಮಿಲಿಮೀಟರ್ ತಾಮ್ರದ ತಂತಿ ಬಳಸಿ ಎಲ್ಲ ಹಾದಿಗಳನ್ನು ಕೂಡಿದಾಗ ಕೆಂಪು 51.3 ಮೀಟರ್, ಕಪ್ಪು 40, ಹಸಿರು 40 ಆಗುತ್ತದೆ. ಪ್ರತಿ ಬಾಕ್ಸ್‌ನಲ್ಲಿ ಬಿಡುವ ಬಾಲ ಮತ್ತು ಸ್ವಿಚ್‌ಗಳ ನಡುವಿನ ತುಂಡುಗಳಿಗಾಗಿ ಶೇ. 20 ಸೇರಿಸಿದರೆ ಕೆಂಪು ಸುಮಾರು 62, ಕಪ್ಪು 48, ಹಸಿರು 48 ಮೀಟರ್.

ಮೂರೂ ಸೇರಿ 158 ಮೀಟರ್. ತಂತಿಯ ಕಾಯಿಲ್ 90 ಮೀಟರ್ ಇರುವುದರಿಂದ ಎರಡು ಕಾಯಿಲ್ ಸಾಕೆಂದು ತೋರುತ್ತದೆ. ಹಲವರು ಹಾಗೆಯೇ ತರುತ್ತಾರೆ. ಅಪಾಯ ಹುಟ್ಟುವುದು ಇಲ್ಲಿಯೇ. ಎರಡು ಕಾಯಿಲ್‌ಗಳಲ್ಲಿ ಎರಡೇ ಬಣ್ಣ ಇರುವುದರಿಂದ ಒಂದೋ ಅರ್ಥ್ ತಂತಿಯನ್ನು ಕೈಬಿಡಲಾಗುತ್ತದೆ, ಇಲ್ಲವೇ ಕಪ್ಪು ತಂತಿಯಲ್ಲಿ ಫೇಸ್ ಹರಿಯುತ್ತದೆ. ಮುಂದೆ ದುರಸ್ತಿಗೆ ಬಂದವನು ಕಪ್ಪು ತಂತಿಯನ್ನು ನ್ಯೂಟ್ರಲ್ ಎಂದು ನಂಬಿ ಮುಟ್ಟಿದರೆ ಪ್ರಾಣಕ್ಕೇ ಕುತ್ತು. ಒಂದು ಮನೆಗೆ ಬಣ್ಣಕ್ಕೊಂದರಂತೆ ಮೂರು ಕಾಯಿಲ್ ಬೇಕು.

ಮಿಗುವ ತಂತಿ ನಷ್ಟವಾಗದಂತೆ ಒಂದೇ ಬಗೆಯ ಮೂರು ಮನೆಯವರು ಕೂಡಿ ಖರೀದಿಸಬಹುದು. ಆಗ ಕೆಂಪು 186 ಮೀಟರ್, ಅಂದರೆ 3 ಕಾಯಿಲ್; ಕಪ್ಪು ಮತ್ತು ಹಸಿರು ತಲಾ 144 ಮೀಟರ್, ಅಂದರೆ ತಲಾ 2 ಕಾಯಿಲ್. ಒಟ್ಟು 9ರ ಬದಲು 7 ಕಾಯಿಲ್ ಸಾಕಾಗುತ್ತದೆ. ಆದರೆ ಪೈಪಿನೊಳಗೆ ತಂತಿ ಗಂಟು ಹಾಕುವಂತಿಲ್ಲ. ಉಳಿದ ತುಂಡು ಇಡೀ ಹಾದಿಗೆ ಸಾಲುವಷ್ಟಿದ್ದರೆ ಮಾತ್ರ ಬಳಸಬೇಕು.

ಪವರ್ ಸಾಕೆಟ್‌ನ 8 ಮೀಟರ್ ಹಾದಿಗೆ 2.5 ಚದರ ಮಿಲಿಮೀಟರ್ ತಂತಿಯನ್ನು ಪ್ರತಿ ಬಣ್ಣದಲ್ಲಿ 10 ಮೀಟರ್ ಬಿಡಿಯಾಗಿ ತಂದರೆ ಸಾಕು. ಮೀಟರಿನಿಂದ ಡಿಬಿವರೆಗೆ 4 ಚದರ ಮಿಲಿಮೀಟರ್ ತಂತಿಯನ್ನು ಕೆಂಪು ಮತ್ತು ಕಪ್ಪು ತಲಾ 5 ಮೀಟರ್ ತರಬಹುದು.

5. ಸದಸ್ಯರು ಪರಿಶೀಲಿಸಬೇಕಾದ ಎರಡು ಸಂದರ್ಭಗಳು

ಕಾಂಕ್ರೀಟ್ ಹಾಕುವ ಮುನ್ನಾ ದಿನ ಕಂಬಿಯ ಹೆಣಿಗೆಯ ಮೇಲಿನ ಪೈಪ್‌ಗಳನ್ನು ಪಟ್ಟಿಯೊಂದಿಗೆ ತಾಳೆ ನೋಡತಕ್ಕದ್ದು. ಪ್ರತಿ ಬೋರ್ಡಿನ ಸ್ಥಾನದಲ್ಲಿ ಇಳಿಯುವ ಪೈಪ್ ಇರಬೇಕು. ಪವರ್ ಸಾಕೆಟ್‌ನ ಪೈಪ್ ಪ್ರತ್ಯೇಕವಾಗಿರಬೇಕು. ಸಿಮೆಂಟ್ ಹಾಲು ಒಳಹೋಗದಂತೆ ಪೈಪಿನ ಬಾಯಿಗಳು ಮುಚ್ಚಿರಬೇಕು. ಒಳಗೆ ಗಟ್ಟಿಯಾದ ಪೈಪಿನಲ್ಲಿ ಜಿ.ಐ. ತಂತಿ ತೂರಿಸಿದಾಗ ನಡುವೆಯೇ ನಿಲ್ಲುತ್ತದೆ. ಆಗ ಗೋಡೆ ಕೊರೆಯುವುದಲ್ಲದೆ ಬೇರೆ ಉಪಾಯವಿರುವುದಿಲ್ಲ.

ಎರಡನೆಯದು, ಬೋರ್ಡಿನ ಮುಖಫಲಕ ಮುಚ್ಚುವ ಮೊದಲು. ಯಾವುದೇ ಸಾಕೆಟ್‌ನ ಹಿಂದೆ ನೋಡಿದಾಗ ಕೆಂಪು, ಕಪ್ಪು, ಹಸಿರು ಮೂರೂ ತಂತಿಗಳು ಕಾಣಬೇಕು. ಹಸಿರು ಕಾಣದಿದ್ದರೆ ಅರ್ಥ್ ಸಂಪರ್ಕವಿಲ್ಲವೆಂದೇ ತಿಳಿದು, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಸರಿಪಡಿಸಿದ ನಂತರವೇ ಫಲಕ ಮುಚ್ಚಿಸತಕ್ಕದ್ದು.