ಮೊದಲು ಬಿಳಿ ಚೌಕ, ಆಮೇಲೆ ಬೆನ್ನುಡಿ

ನೀನು ಕಳಿಸಿದ ಹಿಂಪುಟ ನೋಡಿದೆ ಕಣಮ್ಮ. ದರ್ಪಣಸುಂದರಿಯ ಫೋಟೋ ಅಂಚಿನಿಂದ ಅಂಚಿಗೆ ತುಂಬಿದೆ, ಚೆನ್ನಾಗಿದೆ. ಆದರೆ ಬಾರ್‌ಕೋಡ್ ಅವಳ ಕಾಲ ಬಳಿಯ ಕಪ್ಪು ಕಲ್ಲಿನ ಮೇಲೆ ಕೂತಿದೆ, ಬೆಲೆ ಇನ್ನೊಂದು ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿದೆ. ಡಿಸೈನರ್ ಹುಡುಗನಿಗೆ ಹೇಳಿ ಹಿಂಪುಟವನ್ನು ಕೆಳಗಿನಿಂದ ಮೇಲಕ್ಕೆ ಕಟ್ಟಿಸು. ಮೊದಲು ಬಾರ್‌ಕೋಡಿಗೆ ಜಾಗ, ಉಳಿದದ್ದರಲ್ಲಿ ಮಾತು.

ನಿನ್ನದು 1/8 ಡೆಮಿ, ಅಂದರೆ ಹಿಂಪುಟ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಬಾರ್‌ಕೋಡಿನ ಸರಿಯಾದ ಅಳತೆ ಸುಮಾರು 37 ಮಿ.ಮೀ. ಅಗಲ, 26 ಮಿ.ಮೀ. ಎತ್ತರ. ಜಾಗ ಸಾಲದಿದ್ದರೆ ಶೇಕಡಾ 80ರವರೆಗೆ ಕುಗ್ಗಿಸಬಹುದು, ಅದಕ್ಕಿಂತ ಕೆಳಗೆ ಬೇಡ. ಆ 37ರೊಳಗೆ ಎರಡೂ ಪಕ್ಕದ ಖಾಲಿ ಬಿಳಿ ಜಾಗವೂ ಸೇರಿದೆ. ಎಡಕ್ಕೆ ಸುಮಾರು 4, ಬಲಕ್ಕೆ ಎರಡೂವರೆ ಮಿ.ಮೀ. ನಮ್ಮವರು ಅದನ್ನು ಸುಮ್ಮನೆ ಬಿಟ್ಟ ಜಾಗವೆಂದು ತಿಳಿದು ಕತ್ತರಿಸುತ್ತಾರೆ, ಇಲ್ಲವೇ ಅಂದಕ್ಕೆಂದು ಒತ್ತಿ ಚೌಕಟ್ಟು ಎಳೆಯುತ್ತಾರೆ. ಗೆರೆಗಳು ಎಲ್ಲಿ ಶುರುವಾದವು, ಎಲ್ಲಿ ಮುಗಿದವು ಎಂದು ಯಂತ್ರಕ್ಕೆ ತಿಳಿಯುವುದೇ ಆ ಖಾಲಿಯಿಂದ. ಅದು ಹೋದರೆ ಗೆರೆ ಎಷ್ಟು ಚೊಕ್ಕವಾಗಿದ್ದರೂ ಓದುವುದಿಲ್ಲ.

ಆದ್ದರಿಂದ ಬಲಗಡೆ ಕೆಳಮೂಲೆಯಲ್ಲಿ 45 ಮಿ.ಮೀ. ಅಗಲದ, 38 ಮಿ.ಮೀ. ಎತ್ತರದ ಒಂದು ಅಪ್ಪಟ ಬಿಳಿ ಚೌಕ ಇಡಿಸು. ಕೆಳಗಿನ ಅಂಚಿನಿಂದ 10 ಮಿ.ಮೀ. ಮೇಲಿರಲಿ, ಕತ್ತರಿಸುವಾಗ ಬ್ಲೇಡು ಒಂದೆರಡು ಮಿ.ಮೀ. ಜರುಗುವುದುಂಟು. ಬಲಗಡೆಯೂ ಅಷ್ಟೇ ಬಿಡು, ಏಕೆಂದರೆ ಹಿಂಪುಟದ ಬಲ ಅಂಚು ಪುಸ್ತಕದ ಬೆನ್ನು. 160 ಪುಟಕ್ಕೆ 70 ಜಿ.ಎಸ್.ಎಂ. ಕಾಗದ ಹಾಕಿದರೆ ಬೆನ್ನು ಸುಮಾರು 7 ಮಿ.ಮೀ. ಬರುತ್ತದೆ. ಪ್ರೆಸ್ಸಿನವರು ಕೊನೆಗಳಿಗೆಯಲ್ಲಿ 80ರ ಕಾಗದ ಹಾಕಿದರೆ ಬೆನ್ನು ದಪ್ಪವಾಗಿ, ಮೂಲೆಗೆ ಒತ್ತಿಟ್ಟ ಗೆರೆಗಳು ಮಡಿಕೆಯೊಳಗೆ ಸಿಕ್ಕಿಬೀಳುತ್ತವೆ.

ಗೆರೆ ಕಪ್ಪಿರಲಿ, ಬರೀ ಕಪ್ಪು ಶಾಯಿಯೊಂದರಿಂದಲೇ ಬರಲಿ. ನಾಲ್ಕು ಬಣ್ಣ ಬೆರೆಸಿದ ಕಪ್ಪಾದರೆ ಪ್ಲೇಟು ಕೂದಲೆಳೆಯಷ್ಟು ಸರಿದರೂ ಗೆರೆಯ ಅಂಚು ಕದಡುತ್ತದೆ. ಮುಖಪುಟದ ಕುಂಕುಮ ಬಣ್ಣಕ್ಕೆ ಹೊಂದಲೆಂದು ಕೆಂಪು ಮಾಡಿಸಬೇಡ. ಅಂಗಡಿಯ ಬಹಳಷ್ಟು ಸ್ಕ್ಯಾನರುಗಳ ಬೆಳಕೇ ಕೆಂಪು, ಅದಕ್ಕೆ ಕೆಂಪು ಗೆರೆಯೂ ಬಿಳಿ ಕಾಗದವೂ ಒಂದೇ.

ಬೆಲೆಯನ್ನೂ ಆ ಚೌಕದೊಳಗೇ, ಗೆರೆಗಳಿಗೆ ತಾಗದಂತೆ ಮೇಲ್ಗಡೆ ಕಪ್ಪಿನಲ್ಲೇ ಹಾಕಿಸು. ನಮ್ಮಲ್ಲಿ ಬಾರ್‌ಕೋಡಿನೊಳಗೆ ಇರುವುದು ಐ.ಎಸ್.ಬಿ.ಎನ್. ಸಂಖ್ಯೆ ಮಾತ್ರ, ಬೆಲೆ ಅದರಲ್ಲಿಲ್ಲ. ಹಾಗಾಗಿ ಮರುಮುದ್ರಣದಲ್ಲಿ 150 ರೂಪಾಯಿ 180 ಆದರೆ ಸಂಖ್ಯೆ ಬದಲಿಸಬೇಕಿಲ್ಲ, ಕಪ್ಪು ಪ್ಲೇಟೊಂದನ್ನೇ ಹೊಸದಾಗಿ ಮಾಡಿಸಿದರೆ ಸಾಕು. ಈಗಿನಂತೆ ಫೋಟೋದೊಳಗೆ ಬಿಳಿಯಾಗಿ ಕೊರೆದರೆ ನಾಲ್ಕೂ ಪ್ಲೇಟಿನ ಖರ್ಚು ನಿನ್ನ ತಲೆಗೆ. ಅಂದಹಾಗೆ, ರಾಜಾ ರಾಮಮೋಹನ ರಾಯ್ ಏಜೆನ್ಸಿ ಈ ಸಂಖ್ಯೆಗೆ ಕಾಸು ತೆಗೆದುಕೊಳ್ಳುವುದಿಲ್ಲ. ಯಾರಾದರೂ ಮಧ್ಯೆ ನಿಂತು ಶುಲ್ಕವೆಂದು ಕೇಳಿದರೆ ಕೊಡಬೇಡ.

ಇನ್ನು ಬೆನ್ನುಡಿ. 'ಶಿಲೆಯಲ್ಲಿ ಅರಳಿದ ಕಲೆ' ಎಂದು ಶುರುಮಾಡಿದ್ದೀಯ. ಬೇಲೂರಿನಲ್ಲಿ ದೇವಸ್ಥಾನದ ಮುಂದೆ ನಿಂತು ಪುಸ್ತಕ ತಿರುಗಿಸುವವನ ಕಣ್ಣೆದುರೇ ಶಿಲೆ ಇದೆಯಲ್ಲ, ಅದನ್ನು ನೀನು ಹೇಳಬೇಕೆ? ಅವನಿಗೆ ಗೊತ್ತಿಲ್ಲದ್ದು ಹೇಳು. ಬಳ್ಳಿಗಾವೆಯಿಂದ ಬಂದ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾರೆ, ಅದನ್ನು ಎಲ್ಲಿ ಹುಡುಕಬೇಕೆಂದು ನಿನ್ನ ಮೂರನೇ ಅಧ್ಯಾಯ ತೋರಿಸುತ್ತದೆ. ಅದನ್ನೇ ಮೊದಲ ಸಾಲು ಮಾಡು. ಒಟ್ಟು ಎಪ್ಪತ್ತು ಪದ ದಾಟದಿರಲಿ. ಒಂದು ತಪ್ಪೂ ಇದೆ. ನಿನ್ನ ಪುಸ್ತಕದ ಮೂರೂ ಊರು ವಿಶ್ವ ಪರಂಪರೆ ಪಟ್ಟಿಯಲ್ಲಿವೆ ಎಂದಿದ್ದೀಯ. 2023ರಲ್ಲಿ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರ. ನಮ್ಮ ಅರಸೀಕೆರೆಯ ಈಶ್ವರ ದೇವಾಲಯ ಅದರಲ್ಲಿಲ್ಲ. ಊರಿನ ಅಭಿಮಾನ ನನಗೂ ಇದೆ, ಆದರೂ ತೆಗೆದುಬಿಡು.

ಲೇಖಕಿಯ ಪರಿಚಯ ಮೂರು ಸಾಲು ಸಾಕು. ಊರು, ಕೆಲಸ, ಈ ಗುಡಿಗಳೊಂದಿಗಿನ ಒಡನಾಟ. ಪ್ರಶಸ್ತಿಗಳ ಪಟ್ಟಿ ಬೇಡ, ಮೊಬೈಲ್ ನಂಬರಂತೂ ಬೇಡವೇ ಬೇಡ.

ಕೊನೆಯ ಪ್ರೂಫನ್ನು ಪರದೆಯ ಮೇಲೆ ಓದಬೇಡ, ಅಸಲಿ ಅಳತೆಯಲ್ಲೇ ಕಾಗದದ ಮೇಲೆ ತೆಗೆಸು. ನುಡಿಯಲ್ಲಿ ಟೈಪಿಸಿದ್ದು ಡಿಸೈನರ್ ಕಂಪ್ಯೂಟರಿಗೆ ಹೋದಾಗ 'ಹೊಯ್ಸಳೇಶ್ವರ'ದ ಒತ್ತು ಬಿದ್ದುಹೋಗುವುದು ಅಲ್ಲಿಯೇ. ಅದೇ ಹಾಳೆ ಹಿಡಿದು ಹಾಸನದಲ್ಲಿ ಸ್ಕ್ಯಾನರ್ ಇರುವ ಯಾವುದಾದರೂ ಪುಸ್ತಕದಂಗಡಿಗೆ ಹೋಗು. ಬೀಪ್ ಎಂದರೆ ಸಾಲದು, ಪರದೆಯಲ್ಲಿ ಬಂದ ಹದಿಮೂರು ಅಂಕಿಗಳನ್ನು ಏಜೆನ್ಸಿಯ ಪತ್ರದೊಂದಿಗೆ ಒಂದೊಂದಾಗಿ ತಾಳೆ ನೋಡು. ಒಂದು ಅಂಕಿ ತಪ್ಪಿದ್ದರೆ ಕೊನೆಯ ಅಂಕಿ ಲೆಕ್ಕದಲ್ಲಿ ಹಿಡಿದುಕೊಡುತ್ತದೆ, ಆದರೆ ಪಕ್ಕಪಕ್ಕದ 1 ಮತ್ತು 6 ಅದಲುಬದಲಾದರೆ ಲೆಕ್ಕ ಹಾಗೇ ಸರಿಹೋಗಿಬಿಡುತ್ತದೆ. ಒಳಪುಟದ ಬೆಲೆಯನ್ನೂ ಆಗಲೇ ನೋಡಿಬಿಡು. ನೀನು ಕಳಿಸಿದ ಕಡತದಲ್ಲಿ ಅಲ್ಲಿ ಇನ್ನೂ 120 ಎಂದೇ ಇದೆ.