ಹೆಸರಿಲ್ಲದ ಕಂಪನಿಯ ಜಾಹೀರಾತು ಓದುವುದು ಹೇಗೆ?

ಸಿಬ್ಬಂದಿ ಒದಗಿಸುವ ಏಜೆನ್ಸಿಗಳ ಜಾಹೀರಾತಿನಲ್ಲಿ ಕಂಪನಿಯ ಹೆಸರಿನ ಬದಲು ‘ನಮ್ಮ ಕ್ಲೈಂಟ್’ ಎಂದಷ್ಟೇ ಇರುತ್ತದೆ. ಹೆಸರು ಹೇಳಿದರೆ ಅಭ್ಯರ್ಥಿಗಳು ನೇರವಾಗಿ ಅಲ್ಲಿಗೇ ಹೋಗಿಬಿಟ್ಟಾರು, ಕಮಿಷನ್ ತಪ್ಪೀತು ಎಂಬ ಭಯ. ಹಾಗಾದರೆ ನಮ್ಮ ರೆಸ್ಯೂಮೆ ಆ ಕೆಲಸಕ್ಕೆ ಹೊಂದುತ್ತದೆಯೇ ಎಂದು ತಿಳಿಯುವುದು ಹೇಗೆ?

ಒಂದು ಮಾದರಿ ನೋಡೋಣ: ‘ಅಕೌಂಟ್ಸ್ ಸಹಾಯಕರು ಬೇಕು. ಟ್ಯಾಲಿ, ಎಕ್ಸೆಲ್, ಉತ್ತಮ ಸಂವಹನ. ಬಿಲ್ಲುಗಳನ್ನು ಪಿಒ, ಜಿಆರ್‌ಎನ್ ಜೊತೆ ತಾಳೆ ನೋಡಬೇಕು. ಸ್ಥಳ ಪೀಣ್ಯ.’ ಟ್ಯಾಲಿ, ಸಂವಹನ ಎಲ್ಲ ಜಾಹೀರಾತಿನಲ್ಲೂ ಇರುವಂಥವು. ಕ್ಲೈಂಟಿನ ನಿಜವಾದ ಬೇಡಿಕೆ ಅಡಗಿರುವುದು ತಾಳೆಯ ಮಾತಿನಲ್ಲಿ. ಪಿಒ ಎಂದರೆ ಖರೀದಿ ಆದೇಶ. ಜಿಆರ್‌ಎನ್ ಎಂದರೆ ಸರಕು ಬಂದು ಸೇರಿತೆಂಬ ಚೀಟಿ. ಪೀಣ್ಯ ಕೈಗಾರಿಕಾ ಪ್ರದೇಶ. ಹಾಗಾಗಿ ಇದು ಬಹುಶಃ ಕಾರ್ಖಾನೆಯೊಂದರಲ್ಲಿ ಖರೀದಿ ಬಿಲ್ಲುಗಳನ್ನು ನೋಡಿಕೊಳ್ಳುವ ಕೆಲಸ. ರಜೆಯಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಕುಳಿತು ಬಂದ ಸರಕನ್ನು ಬಿಲ್ಲಿನೊಂದಿಗೆ ತಾಳೆ ನೋಡಿದ್ದರೆ, ಅದನ್ನು ಟ್ಯಾಲಿ ಸರ್ಟಿಫಿಕೇಟಿಗಿಂತ ಮೇಲೆ ಬರೆಯಿರಿ. ಮಾಡದ್ದನ್ನು ಮಾತ್ರ ಬರೆಯಬೇಡಿ.

ಇಷ್ಟಾದರೂ ಇದು ಊಹೆಯೇ. ಏಜೆನ್ಸಿಗೆ ಫೋನ್ ಮಾಡಿ, ‘ದಿನಕ್ಕೆ ಎಷ್ಟು ಬಿಲ್ ಬರುತ್ತವೆ? ಸಂಬಳ ಕೊಡುವವರು ನೀವೋ, ಕಂಪನಿಯವರೋ?’ ಎಂದು ಕೇಳಿ. ಕೈಯಲ್ಲಿ ನಿಜವಾಗಿ ಕೆಲಸ ಇರುವವರು ಹೆಸರು ಹೇಳದಿದ್ದರೂ ಸಾಮಾನ್ಯವಾಗಿ ಇಷ್ಟು ವಿವರ ಹೇಳುತ್ತಾರೆ. ‘ಮೊದಲು ರಿಜಿಸ್ಟ್ರೇಷನ್ ಫೀ ಕಟ್ಟಿ’ ಎಂದರೆ ಅಲ್ಲಿಗೇ ಫೋನ್ ಇಟ್ಟುಬಿಡಿ.