ಅಧ್ಯಕ್ಷರ ಪತ್ರ: ವಿಶ್ವಾಸ ಎಲ್ಲಿ, ಎಚ್ಚರ ಎಲ್ಲಿ?

ಪ್ರಶ್ನೆ: ಯಂತ್ರೋಪಕರಣ ತಯಾರಿಸುವ ಕಂಪನಿಯೊಂದರ ವಾರ್ಷಿಕ ವರದಿಗಾಗಿ ಅಧ್ಯಕ್ಷರ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಕರಡಿನಲ್ಲಿ ‘ಸಾಧಿಸುತ್ತೇವೆ’, ‘ಆರಂಭಿಸಲಿದ್ದೇವೆ’ ಎಂದೆಲ್ಲ ಬರೆದಿದ್ದೆ. ಕಂಪನಿ ಸೆಕ್ರೆಟರಿ ‘ಇದು ಮಾತು ಕೊಟ್ಟ ಹಾಗಿದೆ’ ಎಂದು ವಾಪಸ್ ಕಳಿಸಿದರು. ಎಲ್ಲ ಕಡೆ ‘ಬಹುದು’ ಸೇರಿಸಿ ಕೊಟ್ಟರೆ ಅಧ್ಯಕ್ಷರ ಕಚೇರಿಯವರು ‘ನಮ್ಮ ಮೇಲೆ ನಮಗೇ ನಂಬಿಕೆಯಿಲ್ಲದಂತೆ ಕಾಣುತ್ತದೆ’ ಅನ್ನುತ್ತಾರೆ. ನಡುವಿನ ದಾರಿ ಯಾವುದು?
— ಅನುವಾದಕಿ, ಬೆಂಗಳೂರು

ಉತ್ತರ: ಇಬ್ಬರ ಆಕ್ಷೇಪವೂ ಸರಿಯೇ. ತೊಡಕು ಇರುವುದು ನಮ್ಮ ಕ್ರಿಯಾಪದದ ಕೊನೆಯಲ್ಲಿ. ‘ಮಾಡುತ್ತೇವೆ’ ಎಂಬುದು ದಿನವೂ ಮಾಡುವುದಕ್ಕೂ ಸಲ್ಲುತ್ತದೆ, ಮುಂದೆ ಮಾಡುವುದಕ್ಕೂ ಸಲ್ಲುತ್ತದೆ. ಕಂಪನಿಯ ಪತ್ರದಲ್ಲಿ ಅದನ್ನು ಷೇರುದಾರರು ವಾಗ್ದಾನವೆಂದೇ ಓದುತ್ತಾರೆ. ‘ಮಾಡಲಿದ್ದೇವೆ’ ಇನ್ನೂ ಗಟ್ಟಿ. ದಿನ ಗೊತ್ತಾಗಿ, ತೀರ್ಮಾನವೂ ಆಗಿಬಿಟ್ಟಿದೆ ಎಂಬ ಧ್ವನಿ ಅದಕ್ಕಿದೆ. ‘ಬಹುದು’ ಇನ್ನೊಂದು ತುದಿಗೆ ಹೋಗಿ, ಆದರೂ ಆಯಿತು ಹೋದರೂ ಹೋಯಿತು ಎಂಬಂತೆ ಕೇಳಿಸುತ್ತದೆ.

ನೀವು ಕಳಿಸಿದ ವಾಕ್ಯವನ್ನೇ ನೋಡೋಣ. ತುಮಕೂರು ಘಟಕ ಮುಂದಿನ ಹಣಕಾಸು ವರ್ಷದ ಮೂರನೇ ತ್ರೈಮಾಸಿಕದೊಳಗೆ ಶುರುವಾಗುವ ನಿರೀಕ್ಷೆ, ಅದರಿಂದ ಈಗಿನ ಲಾಭದ ಪ್ರಮಾಣ ಉಳಿಯಲು ಅನುಕೂಲ, ಉಕ್ಕಿನ ಬೆಲೆ ವಿಪರೀತ ಏರಬಾರದು ಎಂಬ ಷರತ್ತು: ಮೂಲದಲ್ಲಿರುವುದು ಈ ಮೂರು. ನಿಮ್ಮ ಮೊದಲ ಕರಡು ಹೀಗಿತ್ತು: ‘ತುಮಕೂರು ಘಟಕವು ಮೂರನೇ ತ್ರೈಮಾಸಿಕದಲ್ಲಿ ಕಾರ್ಯಾರಂಭ ಮಾಡಲಿದ್ದು, ಲಾಭದ ಪ್ರಮಾಣವನ್ನು ಕಾಯ್ದುಕೊಳ್ಳಲಿದೆ, ಉಕ್ಕಿನ ಬೆಲೆ ತೀವ್ರವಾಗಿ ಏರದಿದ್ದಲ್ಲಿ.’ ನಿರೀಕ್ಷೆ ಇದ್ದದ್ದು ಖಚಿತವಾಯಿತು, ‘ಒಳಗೆ’ ಎಂಬ ಗಡುವು ಕಳೆದುಹೋಯಿತು, ಷರತ್ತು ಬಾಲದಲ್ಲಿ ನೇತಾಡಿತು. ನಾನಾದರೆ ಹೀಗೆ ಬರೆಯುತ್ತೇನೆ:

‘ತುಮಕೂರು ಘಟಕ ಮುಂದಿನ ಹಣಕಾಸು ವರ್ಷದ ಮೂರನೇ ತ್ರೈಮಾಸಿಕದೊಳಗೆ ಕಾರ್ಯಾರಂಭ ಮಾಡುವ ನಿರೀಕ್ಷೆ ನಮಗಿದೆ. ಉಕ್ಕಿನ ಬೆಲೆ ತೀವ್ರವಾಗಿ ಏರದಿದ್ದರೆ, ಈಗಿನ ಲಾಭದ ಪ್ರಮಾಣವನ್ನು ಉಳಿಸಿಕೊಳ್ಳಲು ಇದು ನೆರವಾಗುತ್ತದೆಂಬುದು ನಮ್ಮ ಅಂದಾಜು.’

ಇಲ್ಲಿ ಎರಡು ಕೆಲಸ ನಡೆದಿದೆ. ಮೊದಲನೆಯದು, ಷರತ್ತು ಮುಂದಕ್ಕೆ ಬಂದಿದೆ. ಇಂಗ್ಲಿಷಿನಲ್ಲಿ ವಾಕ್ಯದ ಕೊನೆಗೆ ಅಂಟಿಸಿದ ಷರತ್ತು ಮೆಲ್ಲಗೆ ದಾಟಿಹೋಗುತ್ತದೆ. ಕನ್ನಡದಲ್ಲಿ ಕಿವಿಯಲ್ಲಿ ಉಳಿಯುವುದೇ ಕೊನೆಯ ಪದ, ಹಾಗಾಗಿ ಅಲ್ಲಿ ‘ಏರದಿದ್ದಲ್ಲಿ’ ಇಟ್ಟರೆ ಇಡೀ ವಾಕ್ಯದ ಮೇಲೆ ಅನುಮಾನ ಕೂರುತ್ತದೆ. ಷರತ್ತನ್ನು ಮೊದಲು ಹೇಳಿ ಮುಗಿಸಿದರೆ ಎಚ್ಚರ ಪೂರ್ತಿ ಉಳಿಯುತ್ತದೆ, ವಾಕ್ಯ ಮಾತ್ರ ನೆಟ್ಟಗೆ ನಿಂತು ಮುಗಿಯುತ್ತದೆ. ಎರಡನೆಯದು, ‘ನಿರೀಕ್ಷೆ ನಮಗಿದೆ’, ‘ನಮ್ಮ ಅಂದಾಜು’ ಎನ್ನುವಾಗ ಅನಿಶ್ಚಿತವಾದದ್ದು ಭವಿಷ್ಯ ಮಾತ್ರ. ಅಂದಾಜು ಮಾಡಿದವರು ತಾವೇ ಎಂಬುದನ್ನು ಆಡಳಿತದವರು ಅಳುಕಿಲ್ಲದೆ ಒಪ್ಪಿಕೊಂಡಂತಾಗುತ್ತದೆ. ‘ಬಹುದು’ ಎಂದರೆ ಆ ಹೊಣೆಯೂ ಜಾರಿಹೋಗುತ್ತದೆ.

ಕೆಲಸಕ್ಕೆ ಕೂರುವ ಮೊದಲೇ ಸೆಕ್ರೆಟರಿಯವರ ಜೊತೆ ಒಂದು ಪಟ್ಟಿ ಗೊತ್ತುಮಾಡಿಕೊಳ್ಳಿ. ಮಂಡಳಿಯ ನಿರ್ಣಯ ಆಗಿದ್ದರೆ ‘ತೀರ್ಮಾನಿಸಿದೆ’, ಯೋಜನೆ ಮಾತ್ರ ಇದ್ದರೆ ‘ಉದ್ದೇಶಿಸಿದೆ’, ಅಂಕಿ ಹೇಳಿದ್ದರೆ ‘ಗುರಿ ಇಟ್ಟುಕೊಂಡಿದೆ’, ಹೊರಗಿನ ಪರಿಸ್ಥಿತಿಯನ್ನು ನೆಚ್ಚಿದ್ದರೆ ‘ನಿರೀಕ್ಷೆ ಇದೆ’. ‘ಲಿದೆ’ಯನ್ನು ಸಭೆಯ ದಿನಾಂಕದಂಥ ಗೊತ್ತಾದ ಸಂಗತಿಗೆ ಮಾತ್ರ ಇಟ್ಟುಕೊಳ್ಳಿ. ‘ಭರವಸೆ ನೀಡುತ್ತೇನೆ’ ಬೇಡವೇ ಬೇಡ. ಪತ್ರಿಕೆಗಳಲ್ಲಿ ಮಂತ್ರಿಗಳು ನೀಡುವ ಭರವಸೆಯಿಂದ ಆ ಪದಕ್ಕೆ ಆಶ್ವಾಸನೆಯ ಅರ್ಥ ಗಟ್ಟಿಯಾಗಿ ಅಂಟಿದೆ. ‘ವಿಶ್ವಾಸ ನನಗಿದೆ’ ಸಾಕು.

ವಿಶ್ವಾಸದ ದನಿ ಬರಬೇಕಾದದ್ದು ಮುಗಿದ ವರ್ಷದ ಬಗ್ಗೆ ಹೇಳುವಾಗ. ಅಲ್ಲಿ ‘ಸಾಧಿಸಲ್ಪಟ್ಟಿದೆ’, ‘ಕೈಗೊಳ್ಳಲಾಗಿರುತ್ತದೆ’ ಎಂಬ ಸುತ್ತೋಲೆಯ ಭಾಷೆ ತೆಗೆದು ‘ಸಾಲ ತೀರಿಸಿದ್ದೇವೆ’, ‘ಎರಡು ಹೊಸ ಮಾದರಿ ಹೊರತಂದಿದ್ದೇವೆ’ ಎಂದು ನೇರವಾಗಿ ಬರೆಯಿರಿ. ಆಗಿಹೋದದ್ದನ್ನು ಗಟ್ಟಿಯಾಗಿ ಹೇಳಿದ ಪತ್ರದಲ್ಲಿ ಮುಂದಿನದನ್ನು ಅಳೆದು ಹೇಳಿದರೆ ಯಾರಿಗೂ ಅಳುಕು ಅನ್ನಿಸುವುದಿಲ್ಲ.

ಪ್ರಶ್ನೆ: ‘ಲಾಭದ ಪ್ರಮಾಣ ಶೇ 1.5ರಷ್ಟು ಹೆಚ್ಚಿದೆ’, ‘ಮಂಡಳಿ ಷೇರಿಗೆ 5 ರೂಪಾಯಿ ಅಂತಿಮ ಲಾಭಾಂಶ ಘೋಷಿಸಿದೆ’. ನನ್ನ ಈ ಎರಡು ವಾಕ್ಯಗಳಿಗೂ ಆಡಿಟರ್ ಕೆಂಪು ಗೆರೆ ಎಳೆದಿದ್ದಾರೆ. ಕನ್ನಡ ತಪ್ಪಿಲ್ಲವಲ್ಲ?
— ಅನುವಾದಕ, ಮಂಗಳೂರು

ಉತ್ತರ: ಕನ್ನಡ ತಪ್ಪಿಲ್ಲ, ಲೆಕ್ಕ ತಪ್ಪಿದೆ. ನಿಮ್ಮ ಮೂಲದಲ್ಲಿ ಪ್ರಮಾಣ ಶೇ 11.2ರಿಂದ ಶೇ 12.7ಕ್ಕೆ ಏರಿದೆ, ಅಂದರೆ 150 ಬೇಸಿಸ್ ಪಾಯಿಂಟ್. ನೂರು ಬೇಸಿಸ್ ಪಾಯಿಂಟ್ ಸೇರಿದರೆ ಶೇಕಡಾ ಒಂದು ಅಂಶ. 11.2ರ ಮೇಲೆ ಶೇ 1.5 ಹೆಚ್ಚಿದರೆ 11.37ರ ಹತ್ತಿರ ನಿಲ್ಲುತ್ತದೆ, 12.7 ಆಗುವುದಿಲ್ಲ. ‘ಶೇಕಡಾ 1.5 ಅಂಶಗಳಷ್ಟು’ ಎನ್ನಬಹುದು. ನನಗೆ ಇನ್ನೂ ಹಿಡಿಸುವುದು ‘ಶೇ 11.2 ಇದ್ದದ್ದು ಶೇ 12.7ಕ್ಕೆ ಏರಿದೆ’ ಎಂಬ ರೂಪ. ಎರಡೂ ಅಂಕಿ ಕಣ್ಣೆದುರಿಗಿದ್ದರೆ ಗೊಂದಲಕ್ಕೆ ಎಡೆಯಿಲ್ಲ, ಏರಿಕೆಯನ್ನು ಬಣ್ಣಿಸುವ ವಿಶೇಷಣವೂ ಬೇಕಾಗುವುದಿಲ್ಲ.

ಲಾಭಾಂಶದ ವಾಕ್ಯ ಇನ್ನೂ ಸೂಕ್ಷ್ಮ. 2013ರ ಕಂಪನಿಗಳ ಕಾಯ್ದೆಯ ವ್ಯವಸ್ಥೆಯಲ್ಲಿ ಅಂತಿಮ ಲಾಭಾಂಶವನ್ನು ನಿರ್ದೇಶಕರ ಮಂಡಳಿ ಶಿಫಾರಸು ಮಾಡುತ್ತದೆ. ಘೋಷಿಸುವವರು ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಸೇರಿದ ಷೇರುದಾರರು. ಮಧ್ಯಂತರ ಲಾಭಾಂಶವನ್ನು ಮಾತ್ರ ಮಂಡಳಿ ತಾನೇ ಘೋಷಿಸುತ್ತದೆ. ನೀವು ‘ಘೋಷಿಸಿದೆ’ ಎಂದು ಬರೆದರೆ, ಪತ್ರ ಯಾರಿಗೆ ಹೋಗುತ್ತದೋ ಆ ಷೇರುದಾರರ ಅಧಿಕಾರವನ್ನೇ ಮಂಡಳಿಯ ಕೈಗೆ ಕೊಟ್ಟಂತೆ. ‘ಷೇರಿಗೆ 5 ರೂಪಾಯಿ ಅಂತಿಮ ಲಾಭಾಂಶವನ್ನು ಮಂಡಳಿ ಶಿಫಾರಸು ಮಾಡಿದ್ದು, ಇದು ವಾರ್ಷಿಕ ಸಾಮಾನ್ಯ ಸಭೆಯಲ್ಲಿ ನಿಮ್ಮ ಒಪ್ಪಿಗೆಗೆ ಒಳಪಟ್ಟಿದೆ’ ಎಂದು ತಿದ್ದಿ. ‘ನಿಮ್ಮ ಒಪ್ಪಿಗೆ’ ಎಂಬಲ್ಲಿ ಕಾನೂನಿನ ಷರತ್ತೂ ಇದೆ, ಓದುಗರಿಗೆ ಗೌರವವೂ ಇದೆ.

ಪ್ರಶ್ನೆ: ಲಾಭ ಕಡಿಮೆಯಾದ ವರ್ಷ. ಮೂಲದಲ್ಲಿ ‘ಮಾಡರೇಟ್ ಆಗಿದೆ’, ‘ಹೆಡ್‌ವಿಂಡ್ಸ್’ ಎಂದೆಲ್ಲ ಇದೆ. ‘ಪ್ರತಿಕೂಲ ಗಾಳಿಯ ನಡುವೆ ಲಾಭ ಕುಸಿದಿದೆ’ ಎಂದರೆ ಹೇಗೆ?
— ಓದುಗರು, ಹುಬ್ಬಳ್ಳಿ

ಉತ್ತರ: ‘ಕುಸಿತ’ ಶೀರ್ಷಿಕೆಯ ಪದ. ನೀವು ಕಳಿಸಿದ ಪತ್ರದಲ್ಲಿರುವ ಶೇ 4ರ ಇಳಿಕೆಗೆ ಅದನ್ನು ಬಳಸಿದರೆ ಮೂಲದಲ್ಲಿಲ್ಲದ ಗಾಬರಿ ಸೇರುತ್ತದೆ. ‘ಸ್ಥಿರವಾಗಿದೆ’ ಎಂದರೆ ಸುಳ್ಳಾಗುತ್ತದೆ. ‘ಇಳಿದಿದೆ’ ಎಂದು ಬರೆದು ಅಂಕಿ ಕೊಡಿ. ಗಾಳಿಯನ್ನು ಬಿಟ್ಟುಬಿಡಿ. ಅದೇ ಪತ್ರದ ಮುಂದಿನ ಪ್ಯಾರಾದಲ್ಲಿ ರಫ್ತು ಬೇಡಿಕೆ ತಗ್ಗಿದ್ದು, ಸಾಗಣೆ ವೆಚ್ಚ ಏರಿದ್ದು ಹೆಸರಿಟ್ಟು ಬಂದಿದೆಯಲ್ಲ, ಆ ಕಾರಣಗಳನ್ನೇ ಇಲ್ಲಿ ಹೇಳಿ. ವರದಿಯಲ್ಲಿ ಎಲ್ಲೂ ಇಲ್ಲದ ಕಾರಣವನ್ನು ಮಾತ್ರ ನೀವಾಗಿ ಸೇರಿಸಬೇಡಿ; ಆಗ ‘ಪ್ರತಿಕೂಲ ಪರಿಸ್ಥಿತಿ’ ಎಂದಷ್ಟೇ ಬರೆದು ಮುಂದೆ ಹೋಗಿ.

ಪ್ರಶ್ನೆ: ಸಹಕಾರ ಸಂಘದ ವರದಿಗಳಂತೆ ‘ಸದಸ್ಯ ಬಂಧುಗಳೇ’ ಎಂದು ಶುರುಮಾಡಬಹುದೇ? ‘ವ್ಯತ್ಯಾಸವಿದ್ದರೆ ಇಂಗ್ಲಿಷ್ ಪಠ್ಯವೇ ಅಂತಿಮ’ ಎಂಬ ಸಾಲು ಹಾಕಬೇಕೇ?
— ಓದುಗರು, ಶಿವಮೊಗ್ಗ

ಉತ್ತರ: ಕಂಪನಿಗೆ ‘ಮಾನ್ಯ ಷೇರುದಾರರೇ’ ಒಪ್ಪುತ್ತದೆ. ಹಾಗೆಯೇ ಸಂಘದ ‘ಆಡಳಿತ ಮಂಡಳಿ’ ಇಲ್ಲಿ ‘ನಿರ್ದೇಶಕರ ಮಂಡಳಿ’ ಆಗಬೇಕು. ಒಳಗೆ ‘ನಿಮ್ಮ ಕಂಪನಿ’ ಎಂಬ ರೂಢಿಯ ಮಾತು ಉಳಿಯಲಿ, ‘ನಾನು’ ಅಧ್ಯಕ್ಷರ ಸ್ವಂತ ಅಭಿಪ್ರಾಯಕ್ಕೆ ಮಾತ್ರ ಇರಲಿ. ಇಂಗ್ಲಿಷ್ ಪಠ್ಯದ ಕುರಿತ ಸಾಲನ್ನು ಹಾಕಬೇಕೋ ಬೇಡವೋ ಎಂಬುದನ್ನು ಕಂಪನಿ ಸೆಕ್ರೆಟರಿಯೇ ಹೇಳಬೇಕು. ಹಾಕಿದರೂ ಅದು ಪತ್ರದ ಕೆಳಗೆ, ಅಧ್ಯಕ್ಷರ ಸಹಿಯ ನಂತರ ಬರಲಿ.